ಗಂಜ್‌ನ ಬಡ್ಡಿ, ನನ್ನ ಪಿಪಿಎಫ್ ಬಡ್ಡಿ

ಕಲಬುರಗಿಯ ನೆಹರೂ ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ತೊಗರಿ ಬರುವ ಮುಂಚೆ ರೈತರು ಸಾವ್ಕಾರರ ಹತ್ತಿರ ಹಣ ತಗೊಳ್ಳುತ್ತಾರೆ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂತಿಟ್ಟುಕೊಳ್ಳಿ, ಅಂದರೆ ವರ್ಷಕ್ಕೆ 24. ಒಂದು ಲಕ್ಷಕ್ಕೆ ಮೂರು ವರ್ಷದ ಬಡ್ಡಿ 72 ಸಾವಿರ. ಇದು ಸರಳ ಬಡ್ಡಿ. ಎಷ್ಟು ವರ್ಷ ಕಳೆದರೂ ಬಡ್ಡಿ ಬೀಳುವುದು ಮೊದಲಿನ ಅಸಲಿನ ಮೇಲೆ ಮಾತ್ರ.

ಆದರೆ ವರ್ಷದ ಕೊನೆಗೆ ಬಡ್ಡಿ ಕಟ್ಟಲು ಆಗದಿದ್ದರೆ ಕಾಗದ ಹೊಸದಾಗಿ ಬರೆಸುವುದುಂಟು. ಒಂದು ಲಕ್ಷದ ಜಾಗದಲ್ಲಿ 1,24,000 ಅಸಲು ಅಂತ ಬರುತ್ತದೆ. ಹೀಗೆ ಪ್ರತಿ ವರ್ಷ ಮಾಡಿದರೆ ಮೂರನೇ ವರ್ಷದ ಕೊನೆಗೆ ಸಾಲ 1,72,000 ಅಲ್ಲ, 1,90,662. "ದರ ಅದೇ ಅದಲ್ರೀ, ಮತ್ತ ಇಷ್ಟ್ಯಾಕ ಬಂತು?" ಅಂತ ಕೇಳುವವರು ಇದ್ದೇ ಇರುತ್ತಾರೆ. ದರ ಬದಲಾಗಿಲ್ಲ, ಬಡ್ಡಿಯೇ ಅಸಲಾಗಿದೆ. ಅದೇ ಚಕ್ರಬಡ್ಡಿ.

ಸಾಲಗಾರನನ್ನು ಮುಳುಗಿಸುವ ಈ ಲೆಕ್ಕ ನನ್ನ ಕಡೆಗೂ ದುಡಿಯಬಹುದಲ್ವಾ ಅನಿಸಿ, 2003ರಲ್ಲಿ ಪಿಪಿಎಫ್ ಅನ್ನುವ ಸರ್ಕಾರದ ಹದಿನೈದು ವರ್ಷದ ಉಳಿತಾಯ ಖಾತೆ ತೆರೆದೆ. ಆಗ ದರ 8 ಶೇಕಡ ಇತ್ತು. ಸುಮ್ನೆ ಕುತೂಹಲಕ್ಕೆ ಒಂದು ಹಾಳೆಯಲ್ಲಿ ಒಂದು ಲಕ್ಷದ ಲೆಕ್ಕ ಹಾಕಿದೆ, ಎರಡು ಕಾಲಂನಲ್ಲಿ, ವರ್ಷಕ್ಕೊಂದು ಸಾಲು. ಮೊದಲ ಕಾಲಂನಲ್ಲಿ ಪ್ರತಿ ವರ್ಷ 8 ಸಾವಿರ ಬಡ್ಡಿ ಕೈಗೆ ತಗೊಳ್ಳುವುದು. ಎರಡನೆಯದರಲ್ಲಿ ಬಡ್ಡಿಯನ್ನು ಅಲ್ಲೇ ಬಿಡುವುದು.

ಐದು ವರ್ಷಕ್ಕೆ ಸರಳದಲ್ಲಿ 1,40,000, ಚಕ್ರದಲ್ಲಿ 1,46,933. ಏಳು ಸಾವಿರವೂ ವ್ಯತ್ಯಾಸವಿಲ್ಲ. ಬಹಳ ಜನ ಇಲ್ಲೇ ಬೇಸರಪಟ್ಟು ಹಣ ತೆಗೆಯುತ್ತಾರೆ, ಅವರದೂ ತಪ್ಪಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಹತ್ತು ವರ್ಷಕ್ಕೆ 1.80 ಲಕ್ಷ, 2.16 ಲಕ್ಷ. ಇಪ್ಪತ್ತಕ್ಕೆ 2.60, 4.66. ಮೂವತ್ತಕ್ಕೆ ಸರಳ ಬಡ್ಡಿಯದು 3.40 ಲಕ್ಷದಲ್ಲೇ ನಿಂತರೆ ಚಕ್ರಬಡ್ಡಿಯದು ಹತ್ತು ಲಕ್ಷ ದಾಟುತ್ತದೆ. ಮೂವತ್ತನೇ ಒಂದು ವರ್ಷಕ್ಕೇ ಬರುವ ಬಡ್ಡಿ ಸುಮಾರು 74,500. ಮೊದಲ ವರ್ಷ ಬಂದಿದ್ದು 8,000.

ಈಗ ಇದೇ ಒಂದು ಲಕ್ಷವನ್ನು ಮೂವತ್ತನೇ ವಯಸ್ಸಿನ ಬದಲು ನಲವತ್ತರಲ್ಲಿ, ಹತ್ತು ವರ್ಷ ತಡವಾಗಿ ಇಟ್ಟರೆ? ನಮ್ಮ ಅಂಗಡಿಯ ಹುಡುಗರು ಹೇಳುವುದೇನೆಂದರೆ, ಮೊದಲ ಹತ್ತು ವರ್ಷದಲ್ಲಿ ಬರುವುದೇ ಒಂದು ಚಿಲ್ಲರೆ ಲಕ್ಷ, ಹೋದರೆ ಹೋಗಲಿ. ಆದರೆ ಅರವತ್ತನೇ ವಯಸ್ಸು ಮುಂದಕ್ಕೆ ಹೋಗುವುದಿಲ್ಲ. ಹಣಕ್ಕೆ ಸಿಗುವುದು ಇಪ್ಪತ್ತು ವರ್ಷ, ಲೆಕ್ಕ 4.66 ಲಕ್ಷಕ್ಕೇ ನಿಲ್ಲುತ್ತದೆ. ಹಾಳೆಯಿಂದ ಹರಿದುಹೋಗುವುದು ಮೇಲಿನ ಹತ್ತು ಸಾಲಲ್ಲ, ಕೆಳಗಿನ ಹತ್ತು ಸಾಲು. ಅಲ್ಲಿರುವುದು ಐದೂವರೆ ಲಕ್ಷದ ಹತ್ತಿರ.

ಹಾಳೆಯ ಲೆಕ್ಕ ಹಾಗೇ ಕೈಗೆ ಬರುವುದಿಲ್ಲ ಅನ್ನುವುದೂ ನಿಜ. ಪಿಪಿಎಫ್ ದರ ಸರ್ಕಾರ ಬದಲಿಸುತ್ತಿರುತ್ತದೆ. 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಇಳಿಯಿತು. ಮೂವತ್ತು ವರ್ಷವೂ 7.1 ಅಂತಲೇ ಹಿಡಿದರೆ ಹತ್ತು ಲಕ್ಷದ ಬದಲು 7.83 ಲಕ್ಷ. ಒಂದು ಶೇಕಡಕ್ಕಿಂತ ಕಡಿಮೆ ಇಳಿದರೂ ಎರಡು ಲಕ್ಷಕ್ಕಿಂತ ಜಾಸ್ತಿ ಹೋಯಿತು. ತೆರಿಗೆಯೂ ಹೀಗೇ ಕಚ್ಚುತ್ತದೆ. ಬ್ಯಾಂಕಿನ ಫಿಕ್ಸೆಡ್ ಡಿಪಾಸಿಟ್ ಬಡ್ಡಿಗೆ ತೆರಿಗೆ ಉಂಟು, ಪಿಪಿಎಫ್ ಬಡ್ಡಿಗೆ ಇಲ್ಲ. ಬೆಲೆ ಏರಿಕೆಯಂತೂ ಇದ್ದೇ ಇದೆ. ಮೂವತ್ತು ವರ್ಷದ ನಂತರದ ಹತ್ತು ಲಕ್ಷವನ್ನು ಇವತ್ತಿನ ಹತ್ತು ಲಕ್ಷ ಅಂದುಕೊಂಡು ಮನೆ ಕಟ್ಟುವ ಲೆಕ್ಕ ಹಾಕಬೇಡಿ.

ಫಿಕ್ಸೆಡ್ ಡಿಪಾಸಿಟ್ ಇಡುವಾಗ ಅರ್ಜಿಯಲ್ಲಿ ಒಂದು ಗುರುತು ನೋಡಿ. ಬಡ್ಡಿಯನ್ನು ತಿಂಗಳಿಗೋ ಮೂರು ತಿಂಗಳಿಗೋ ಖಾತೆಗೆ ಹಾಕಿ ಅಂತ ಟಿಕ್ ಮಾಡಿ ಅದನ್ನು ಖರ್ಚು ಮಾಡಿದರೆ ಅದು ಸರಳ ಬಡ್ಡಿಯೇ. ಅವಧಿ ಮುಗಿದಾಗ ಒಟ್ಟಿಗೆ ಬೇಕು ಅಂದರೆ ಮಾತ್ರ ಚಕ್ರ ತಿರುಗುತ್ತದೆ. ಪಿಂಚಣಿಯವರಿಗೆ ಮೊದಲನೆಯದೇ ಸರಿ, ದುಡಿಯುವ ವಯಸ್ಸಿನವರಿಗಲ್ಲ.

ಪಿಪಿಎಫ್‌ನಲ್ಲಿ ನಾನು ಪಾಲಿಸುವುದು ಒಂದು ತಾರೀಖು. ಪ್ರತಿ ತಿಂಗಳು 5ರಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುತ್ತಾರೆ. ಹಾಗಾಗಿ ವರ್ಷದ ಹಣವನ್ನು ಏಪ್ರಿಲ್ 5ರೊಳಗೆ ಹಾಕುತ್ತೇನೆ. ತೆರಿಗೆ ಉಳಿಸಲು ಮಾರ್ಚ್ ಕೊನೆಗೆ ಓಡುವವರಿಗೆ ಆ ಹಣದ ಮೇಲೆ ಇಡೀ ವರ್ಷದ ಬಡ್ಡಿ ಹೋಗುತ್ತದೆ. ಖಾತೆ 2019ರಲ್ಲಿ ಮುಗಿದಾಗ ಮೇಲೊಂದು ಅಂತಸ್ತು ಕಟ್ಟಿಸು ಅಂದವರು ಇದ್ದರು. ನಾನು ಹಣ ತೆಗೆಯದೆ ಐದು ವರ್ಷ ಮುಂದುವರಿಸಿದೆ. ಹಣ ಹಾಕುತ್ತಾ ಮುಂದುವರಿಸಬೇಕಾದರೆ ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ಇರುವ ಹಣಕ್ಕೆ ಬಡ್ಡಿ ಬರುತ್ತದೆ, ಆದರೆ ಹೊಸದಾಗಿ ಹಾಕಲು ಬರುವುದಿಲ್ಲ.