ಮುನೀಮರ ವಹಿಯಿಂದಲೇ ಸಾಕ್ಷಿ ತೆಗೆದೆ: ಪಗಾರ ಕೇಳಿ ಬರೆದ ಒಂದು ಪತ್ರ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್. ನಮ್ಮ ಕಡೆ ಮಿಲ್ಲಿನಲ್ಲಿ ಪಗಾರ ಹೆಚ್ಚಿಸಿ ಎಂದು ಬಾಯಿಮಾತಲ್ಲಿ ಕೇಳುವುದೇ ರೂಢಿ. ದೀಪಾವಳಿ ಪೂಜೆ ಮುಗಿದ ಮೇಲೆ ಸಾವಕಾರ್ರ ಮುಂದೆ ನಿಂತು, ಮನೆ ಖರ್ಚು, ಮಕ್ಕಳ ಫೀಸು ಹೇಳಿಕೊಳ್ಳುತ್ತೇವೆ. ಅವರು ನೂರೋ ಐನೂರೋ ಏರಿಸಿ, ‘ಮುಂದಿನ ವರ್ಷ ನೋಡೋಣ’ ಅನ್ನುತ್ತಾರೆ. ನನಗೆ ಪಗಾರದ ಜೊತೆಗೆ ಕೆಲಸವೂ ದೊಡ್ಡದು ಬೇಕಿತ್ತು. ನೆಹರೂ ಗಂಜ್ ಮಾರುಕಟ್ಟೆಯಿಂದ ಬರುವ ತೊಗರಿಯ ಪ್ರತಿ ಲಾಟನ್ನು ಯಾವ ಕ್ರಮದಲ್ಲಿ ಮಿಲ್ಲಿಗೆ ಹಾಕಬೇಕೆಂದು ನಿರ್ಧರಿಸುವ ಅಧಿಕಾರ ನನ್ನ ಕೈಗೆ ಬರಬೇಕು ಅನ್ನುವುದು ನನ್ನ ಬೇಡಿಕೆ. ಇಂಥದ್ದು ಮನೆ ಕಷ್ಟ ಹೇಳಿಕೊಂಡರೆ ಸಿಗುವುದಿಲ್ಲ. ಹಾಗಾಗಿ ಒಂದೇ ಪುಟದ ಪತ್ರ ಬರೆದೆ.

ಮೊದಲು ನಾನು ಮಾಡಿದ್ದೇನು ಎಂದು ಹೇಳಬೇಕು. ತೊಗರಿ ರೋಲರಿನಲ್ಲಿ ಉಜ್ಜಿಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು, ಬಿಸಿಲಿಗೆ ಒಣಗಿ ಬೇಳೆಯಾಗುತ್ತದೆ. ದಪ್ಪ ಕಾಳು, ಸಣ್ಣ ಕಾಳು ಒಟ್ಟಿಗೆ ರೋಲರಿಗೆ ಹೋದರೆ ದಪ್ಪ ಕಾಳಿನ ಮೈ ಸವೆದು ಪುಡಿಯಾಗುತ್ತದೆ, ಅದಕ್ಕೆ ಚುನ್ನಿ ಅನ್ನುತ್ತೇವೆ. ಸಣ್ಣದು ಸಿಪ್ಪೆ ಬಿಡದೆ ಹಾಗೇ ಉಳಿದು, ಮತ್ತೆ ರೋಲರಿಗೆ ಹೋಗಿ ಇನ್ನಷ್ಟು ಒಡೆಯುತ್ತದೆ. ನಾನು ಬರುವ ಲಾಟನ್ನು ಮೊದಲು ಚಾಳಣಿಗೆ ಹಾಕಿಸಿ, ಎರಡು ಗಾತ್ರ ಬೇರೆ ಮಾಡಿ, ರೋಲರಿನ ಅಂತರವನ್ನು ಬೇರೆ ಬೇರೆ ಇಡಿಸಿದೆ. ಕೆಲಸ ಇಷ್ಟೇ. ಹೊಸ ಯಂತ್ರ ಒಂದೂ ತಂದಿಲ್ಲ.

ಫಲಿತಾಂಶ ವಹಿಯಲ್ಲಿ ಕಾಣಿಸುತ್ತಿತ್ತು. ಹಿಂದಿನ ಹಂಗಾಮಿನಲ್ಲಿ ಒಂದು ಕ್ವಿಂಟಲ್ ತೊಗರಿಗೆ ಸರಾಸರಿ 70.4 ಕೆಜಿ ಬೇಳೆ ಬಂದಿತ್ತು, ಈ ಹಂಗಾಮಿನಲ್ಲಿ 72.1 ಕೆಜಿ. 1.7 ಕೆಜಿ ಹೆಚ್ಚು. ಇದನ್ನೇ ಪತ್ರದಲ್ಲಿ ಹಾಕಿಬಿಡಬಹುದಿತ್ತು, ನೋಡಲಿಕ್ಕೂ ಚೆಂದ. ಆದರೆ ಹಿಂದಿನ ವರ್ಷ ಮಳೆ ತಡವಾಗಿ ಬಿದ್ದು ಹಸಿ ತೊಗರಿ ಬಹಳ ಬಂದಿತ್ತು, ಹಸಿ ಕಾಳು ಸುಲಭವಾಗಿ ಸಿಪ್ಪೆ ಬಿಡುವುದಿಲ್ಲ, ಬೇಳೆ ಕಡಿಮೆ ಬರುತ್ತದೆ. ಆ ವ್ಯತ್ಯಾಸ ಮೋಡದ್ದು, ನನ್ನದಲ್ಲ. ಸಾವಕಾರ್ರು ಮೂವತ್ತು ವರ್ಷ ತೊಗರಿ ಕೊಂಡವರು, ಪತ್ರ ಓದುವಾಗಲೇ ಅವರಿಗೆ ಇದು ಹೊಳೆಯುತ್ತಿತ್ತು. ಒಂದು ಅಂಕಿ ಉಬ್ಬಿದ್ದು ಗೊತ್ತಾದರೆ ಉಳಿದ ಅಂಕಿಗಳನ್ನು ಯಾರೂ ನಂಬುವುದಿಲ್ಲ.

ಆದ್ದರಿಂದ ಎರಡೂ ವರ್ಷದಲ್ಲಿ ಒಣಗಿ ಬಂದ ಲಾಟುಗಳನ್ನು ಮಾತ್ರ ಬೇರೆ ತೆಗೆದೆ. ಆವಕ ವಹಿಯಲ್ಲಿ ತೇವಾಂಶ ಬರೆದಿರುತ್ತಾರೆ. 11 ಪ್ರತಿಶತದ ಒಳಗಿನವು ಒಂದು ಗುಂಪು. ಆ ಗುಂಪಿನಲ್ಲಿ 71.3 ಇದ್ದದ್ದು 72.2 ಆಗಿತ್ತು. ಹೆಚ್ಚಿದ್ದು 0.9 ಕೆಜಿ ಅಷ್ಟೇ. ಇಂಥ ತೊಗರಿ ಈ ಹಂಗಾಮಿನಲ್ಲಿ 8,000 ಕ್ವಿಂಟಲ್ ಓಡಿತ್ತು. ಲೆಕ್ಕ ಹಾಕಿದರೆ 7,200 ಕೆಜಿ ಬೇಳೆ ಹೆಚ್ಚು. ಈ ಬೇಳೆ ಇಲ್ಲದಿದ್ದರೆ ಅಷ್ಟೇ ತೂಕ ಖಂಡ ಅನ್ನುವ ಒಡೆದ ತುಂಡು, ಚುನ್ನಿಯಾಗಿ ಹೋಗುತ್ತಿತ್ತು, ಪೂರ್ತಿ ಹಾಳಾಗುತ್ತಿರಲಿಲ್ಲ. ಹಾಗಾಗಿ ಬೇಳೆಯ ಪೂರ್ಣ ದರ ಹಿಡಿಯದೆ, ಲೆಕ್ಕ ಬರೆಯುವ ಮುನೀಮರ ವಹಿಯಲ್ಲಿ ಬೇಳೆಗೂ ಖಂಡ-ಚುನ್ನಿಗೂ ಇದ್ದ ದರದ ಅಂತರವನ್ನು, ಕೆಜಿಗೆ 60 ರೂಪಾಯಿಯನ್ನು ಮಾತ್ರ ಹಿಡಿದೆ. ಒಟ್ಟು 4,32,000 ರೂಪಾಯಿ.

ಇಲ್ಲಿಗೆ ಸಾಕ್ಷಿ ಮುಗಿಯುವುದಿಲ್ಲ. ಬೇಳೆಯ ತೂಕವನ್ನು ಮೋಸದಿಂದಲೂ ಏರಿಸಬಹುದು. ಸಿಪ್ಪೆ ಪೂರ್ತಿ ಹೋಗದೆ ಬಿಟ್ಟರೆ ತೂಕ ಬರುತ್ತದೆ, ಸ್ವಲ್ಪ ಹಸಿಯಾಗಿ ಚೀಲ ಹೊಲಿದರೂ ಬರುತ್ತದೆ. ಇದು ಪತ್ತೆಯಾಗುವುದು ಕೊಂಡವರ ಕಡೆಯಿಂದ. ಅವರು ದರ ಕಡಿತ ಮಾಡಿ ಚೀಟಿ ಕಳಿಸುತ್ತಾರೆ. ಅದಕ್ಕೇ ಎರಡೂ ಹಂಗಾಮಿನ ಕಡಿತದ ಚೀಟಿಗಳ ಮೊತ್ತ, ಹೋದ ಬೇಳೆಯ ತೇವಾಂಶ ಎರಡನ್ನೂ ಪತ್ರದ ಕೆಳಗೆ ಸೇರಿಸಿದೆ. ಕಡಿತ ಹೆಚ್ಚಾಗಿರಲಿಲ್ಲ, ಸ್ವಲ್ಪ ಇಳಿದಿತ್ತು. ಅದನ್ನು ನನ್ನ ಸಾಧನೆ ಎಂದು ಬರೆದಿಲ್ಲ, ಗುಣಮಟ್ಟ ಕೆಟ್ಟಿಲ್ಲ ಎಂದಷ್ಟೇ ಬರೆದೆ.

ಪ್ರತಿ ಅಂಕಿಯ ಮುಂದೆ ಯಾವ ವಹಿ, ಯಾವ ಪುಟ ಎಂದು ನಮೂದಿಸಿದೆ. ನಾನು ಇಟ್ಟಿದ್ದ ಸ್ವಂತ ಡೈರಿಯಿಂದ ಒಂದೂ ಅಂಕಿ ತೆಗೆದಿಲ್ಲ. ಕೇಳುವವನ ಡೈರಿ ಅವನ ಕೈಯಲ್ಲಿ ಇರುತ್ತದೆ, ಮಾಲೀಕರ ವಹಿ ಮಾಲೀಕರದ್ದೇ.

ಪತ್ರದ ಮುಖ್ಯ ಭಾಗ ಹೀಗಿತ್ತು:

“ಮಾನ್ಯ ಸಾವಕಾರರಿಗೆ ನಮಸ್ಕಾರ. ತೊಗರಿಯನ್ನು ಗಾತ್ರ ಬೇರ್ಪಡಿಸಿ ಓಡಿಸಿದ್ದರಿಂದ ಒಣ ಲಾಟುಗಳಲ್ಲಿ ಕ್ವಿಂಟಲ್‌ಗೆ 0.9 ಕೆಜಿ ಬೇಳೆ ಹೆಚ್ಚಿಗೆ ಬಂದಿದೆ. ಹಸಿ ಲಾಟುಗಳನ್ನು ಈ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಚಾಳಣಿ ಹಾಗೂ ರೋಲರ್ ಮೇಲಿದ್ದ ಕೆಲಸಗಾರರು ಹೇಳಿದಂತೆ ಮಾಡಿದ್ದರಿಂದಲೇ ಇದು ಸಾಧ್ಯವಾಯಿತು. ಬರುವ ಹಂಗಾಮಿನಿಂದ ಲಾಟುಗಳ ಕ್ರಮ ಮತ್ತು ರೋಲರ್ ಅಂತರವನ್ನು ಎರಡೂ ಶಿಫ್ಟಿಗೆ ನಾನೇ ನಿರ್ಧರಿಸಲು ಅನುಮತಿ ಕೊಡಬೇಕು. ಈಗಿನ 21,000 ರೂ. ಪಗಾರವನ್ನು 27,000 ರೂ. ಮಾಡಿ, ಹೆಚ್ಚಳವನ್ನು ಮೂಲ ವೇತನದಲ್ಲೇ ಸೇರಿಸಬೇಕೆಂದು ವಿನಂತಿ.”

ಮೂಲ ವೇತನದ ಮಾತು ಬರೆದದ್ದಕ್ಕೆ ಕಾರಣ ಇದೆ. ಹೆಚ್ಚಳವನ್ನು ‘ಭತ್ಯೆ’ ಎಂದು ಬೇರೆ ಸಾಲಿನಲ್ಲಿ ಕೊಟ್ಟರೆ, ಕೈಗೆ ಬರುವ ದುಡ್ಡು ಒಂದೇ ಇದ್ದರೂ ಮುಂದೆ ಗ್ರಾಚ್ಯುಟಿ ಲೆಕ್ಕಕ್ಕೆ ಕಡಿಮೆಯಾಗಬಹುದು. ಇನ್ನು 6,000 ಹೇಗೆ ಬಂತು ಅಂದರೆ, ವರ್ಷಕ್ಕೆ 72,000. ಮಿಲ್ಲಿಗೆ ಉಳಿದದ್ದರ ಆರನೇ ಒಂದು ಪಾಲು. ಪತ್ರದಲ್ಲಿ ಈ ಪಾಲಿನ ಮಾತು ಬರೆದಿಲ್ಲ. ಬರೆದರೆ ಲಾಭದಲ್ಲಿ ಪಾಲು ಕೇಳಿದ ಹಾಗೆ ಕೇಳಿಸುತ್ತದೆ. ಕೇಳಿದರೆ ಹೇಳಲಿಕ್ಕೆ ತಯಾರಿದ್ದೆ. ಪಕ್ಕದ ಮಿಲ್ಲಿನವರ ಪಗಾರವನ್ನೂ ಎಳೆಯಲಿಲ್ಲ. ಆ ಮಾತು ಎತ್ತಿದರೆ ‘ಹಾಗಾದ್ರ ಅಲ್ಲೇ ಹೋಗು’ ಅನ್ನುವುದು ಸುಲಭ.

ಪತ್ರ ಕೊಟ್ಟದ್ದು ದೀಪಾವಳಿ ಮುಗಿದು, ಹೊಸ ತೊಗರಿ ಗಂಜಿಗೆ ಬರುವ ಮುಂಚೆ. ಗಾಡಿಗಳು ಸಾಲು ನಿಂತ ಮೇಲೆ ಕೊಟ್ಟರೆ ಬೆದರಿಸಿದ ಹಾಗಾಗುತ್ತದೆ. ಕೊಡುವ ಮೊದಲು ಮುನೀಮರಿಗೆ ತೋರಿಸಿದ್ದೆ. ಸಾವಕಾರ್ರು ಹೇಗೂ ಅವರನ್ನೇ ಕೇಳುತ್ತಾರೆ, ಆಗ ಅವರು ಮೊದಲ ಸಲ ನೋಡಿದವರಂತೆ ಇರಬಾರದು. ಮುನೀಮರು ಖಂಡದ ಒಂದು ದರ ತಿದ್ದಿದರು, ಅದನ್ನು ಹಾಗೇ ತೆಗೆದುಕೊಂಡೆ. ಮೇಲಿನ 60 ರೂಪಾಯಿ ಆ ತಿದ್ದುಪಡಿ ಆದ ಮೇಲಿನದು.

ಸಾವಕಾರ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. “ಇದು ಮುನೀಮರ ಲೆಕ್ಕಕ್ಕ ಕೂಡತದೇನು?” ಅಂದರು.

“ಹೌದ್ರಿ ಸಾವಕಾರ್ರೆ, ಪುಟದ ನಂಬರ್ ಸೈತ ಹಾಕೀನಿ.”

“ಹಸಿ ಮಾಲು ಯಾಕ ಬಿಟ್ಟಿ? ಅದ್ರಾಗೂ ಹೆಚ್ಚ ಬಂದದಲ್ಲ.”

“ಅದು ಮಳಿ ಮ್ಯಾಲ ಹೋಗ್ತದ್ರಿ. ನಂದು ಅಂತ ಹ್ಯಾಂಗ ಹೇಳಲಿ?”

ಅವತ್ತು ಹೌದು, ಇಲ್ಲ ಏನೂ ಹೇಳಲಿಲ್ಲ. ಒಂದು ವಾರದ ಮೇಲೆ ಕರೆದು, ಬೇಕಾದರೆ ಮುಂಗಡ ತಗೋ ಅಂದರು. ಮುಂಗಡ ಅಂದರೆ ಸಾಲ. ಪಗಾರ ಏರಿಸಿದ ಹಾಗಲ್ಲ, ಮೇಲಾಗಿ ತೀರುವವರೆಗೆ ಕಾಲು ಕಟ್ಟಿದ ಹಾಗೆ. ‘ಬ್ಯಾಡ್ರಿ, ಪತ್ರದಾಗ ಇದ್ದದ್ದರ ಮ್ಯಾಲ ಹೇಳ್ರಿ’ ಅಂದೆ. ಕೊನೆಗೆ 4,500 ಕೊಡಲು ಒಪ್ಪಿದರು. ಅದರಲ್ಲಿ 3,000 ಮೂಲ ವೇತನಕ್ಕೆ, ಉಳಿದದ್ದು ಭತ್ಯೆ. ಎರಡೂ ಶಿಫ್ಟಿನ ಲಾಟು ಕ್ರಮ ನನ್ನ ಕೈಗೆ ಬಂತು, ಆದರೆ ಮಾರ್ಚ್ ಕೊನೆಯವರೆಗೆ ಪರೀಕ್ಷೆ. ತೊಗರಿ ಖರೀದಿಯ ಮಾತಿಗೆ ಮಾತ್ರ ತಲೆ ಹಾಕುವಂತಿಲ್ಲ.

ಅಂದೇ ಸಂಜೆ ಒಪ್ಪಿಕೊಂಡದ್ದನ್ನೆಲ್ಲ ಎಂಟು ಸಾಲಿನಲ್ಲಿ ಬರೆದು, ‘ಇಂದು ಮಾತಾಡಿದ ಪ್ರಕಾರ’ ಎಂದು ಶುರು ಮಾಡಿ ಕೊಟ್ಟೆ. ಪರೀಕ್ಷೆಯ ಅಳತೆ ಏನು ಅನ್ನುವುದನ್ನೂ ಅದರಲ್ಲೇ ಹಾಕಿದೆ: 11 ಪ್ರತಿಶತದ ಒಳಗಿನ ಲಾಟು, ಕ್ವಿಂಟಲ್‌ಗೆ 72 ಕೆಜಿಗಿಂತ ಕಡಿಮೆ ಆಗಬಾರದು, ಕಡಿತದ ಚೀಟಿ ಹೆಚ್ಚಾಗಬಾರದು. ಮುನೀಮರು ಓದಿ ಒಂದು ಪ್ರತಿಯ ಮೇಲೆ ತಾರೀಖು, ಸಹಿ ಹಾಕಿ ನನಗೆ ಕೊಟ್ಟರು, ಇನ್ನೊಂದನ್ನು ವಹಿಯೊಳಗೆ ಇಟ್ಟುಕೊಂಡರು.