ಒಳಗಿನವರಿಗೆ ಹೋದ ಕುರ್ಚಿ, ಅವರು ಬಿಟ್ಟುಬಂದ ಕುರ್ಚಿ

"ಇಂಟರ್ನಲ್ ಕ್ಯಾಂಡಿಡೇಟ್ ಸಿಕ್ಕಿದ್ರು ಅಂದ್ರೆ ಮೊದಲೇ ಫಿಕ್ಸ್ ಆಗಿತ್ತು ಅಂತ ಅರ್ಥ ಗುರೂ. ಅದಕ್ಕೂ ಥ್ಯಾಂಕ್ಸ್ ಬರೀತಾ ಕೂತಿದ್ದೀಯಲ್ಲ!" ನನ್ನ ಜೊತೆ ಕ್ವಾಲಿಟಿಯಲ್ಲಿದ್ದ ಗೆಳೆಯ ಹೀಗಂದಾಗ ನಾನು ಜಾಲಹಳ್ಳಿ ಕ್ರಾಸಿನ ಬಸ್ ಸ್ಟಾಪಿನಲ್ಲಿ ಮೊಬೈಲ್ ಹಿಡಿದು, ನನ್ನನ್ನು ಬಿಟ್ಟು ಒಳಗಿನವರನ್ನೇ ತಗೊಂಡ ಕಂಪನಿಗೆ ಥ್ಯಾಂಕ್ಸ್ ಮೇಲ್ ಟೈಪ್ ಮಾಡ್ತಿದ್ದೆ. ನಮ್ಮ ಭಾವನೂ ಅದನ್ನೇ ಅಂದಿದ್ದರು, ಇನ್ನೊಂದಿಷ್ಟು ನಗು ಸೇರಿಸಿ. ಅದೇ ಕಂಪನಿಗೆ ಸೇರಿ ಈಗ ಎರಡು ವರ್ಷವಾಗ್ತಾ ಬಂತು. ಅದಕ್ಕೇ ಬರೆಯೋ ಧೈರ್ಯ ಬಂದಿದೆ.

ಆಗ ನಾನು ಪೀಣ್ಯದ ಒಂದು ಮೆಷಿನಿಂಗ್ ಶಾಪಿನಲ್ಲಿ ಕ್ವಾಲಿಟಿ ಎಂಜಿನಿಯರ್. ಐದೂವರೆ ಲಕ್ಷದ ಹತ್ತಿರ ಸಿಟಿಸಿ. ಬಿಡಿಭಾಗ ಕೊಡೋ ಕಂಪನಿಗಳ ಗುಣಮಟ್ಟ ನೋಡೋ ಸಪ್ಲೈಯರ್ ಕ್ವಾಲಿಟಿ ಕೆಲಸಕ್ಕೆ ಹೋಗಬೇಕು ಅಂತ ಒಂದೂವರೆ ವರ್ಷ ಒದ್ದಾಡಿದೆ. ಆ ಅವಧಿಯಲ್ಲಿ ಐದು ಸಲ ಕೊನೆಯ ಸುತ್ತಿನವರೆಗೆ ಹೋಗಿ, ನಾಲ್ಕು ಸಲ "ಒಳಗಿನವರನ್ನೇ ತಗೊಂಡ್ವಿ" ಅನ್ನೋ ಉತ್ತರ ತಗೊಂಡು ಬಂದವನು. ಇಂಟರ್ವ್ಯೂಗೆ ಹಾಕಿದ ರಜೆಯಲ್ಲಿ ಏಳೆಂಟು ದಿನಕ್ಕೆ ಸಂಬಳ ಕಟ್ ಆಯ್ತು. ಬಿಡದಿ, ನರಸಾಪುರ, ಬೊಮ್ಮಸಂದ್ರ ಅಂತ ಓಡಾಡಿದ ಖರ್ಚೂ ಸೇರಿಸಿದರೆ ಹದಿನೆಂಟು ಇಪ್ಪತ್ತು ಸಾವಿರ ಹೋಗಿರಬೇಕು. ಲೆಕ್ಕ ಬರೆದಿಟ್ಟಿಲ್ಲ, ಬರೆದಿಡೋಕೆ ಮನಸ್ಸೂ ಬರಲಿಲ್ಲ.

ಮೊದಲನೇ ಸಲ ಮಾಡಿದ್ದು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತೆ. ರಾತ್ರಿ ಹನ್ನೊಂದಕ್ಕೆ ಕೂತು ಒಂದೂವರೆ ಪುಟ ಬರೆದೆ. ಮೂರು ಸುತ್ತು ಕರೆದಿರಿ, ಪ್ರೆಸೆಂಟೇಷನ್ ಮಾಡಿಸಿದಿರಿ, ಒಳಗಿನವರಿದ್ದರೆ ಮೊದಲೇ ಹೇಳಬಾರದಿತ್ತಾ ಅಂತ. ಬೈದಿರಲಿಲ್ಲ, ಪ್ರತಿ ಸಾಲಿನಲ್ಲೂ "ದಯವಿಟ್ಟು" ಇತ್ತು. ಆದರೂ ಅದು ದೂರು ಅಂತ ಓದಿದವರಿಗೆ ಗೊತ್ತಾಗಿರುತ್ತೆ. ಉತ್ತರ ಬರಲಿಲ್ಲ. ಎರಡನೇ ಸಲ ಎಚ್ಚರಿಕೆಯಿಂದ ಚಿಕ್ಕದಾಗಿ, ಚೊಕ್ಕವಾಗಿ ಬರೆದೆ. ಆದರೆ ನನಗೆ ಬಂದದ್ದು ಪೋರ್ಟಲ್‌ನಿಂದ ತಾನಾಗಿ ಬರೋ ಮೇಲ್. ಉತ್ತರಿಸಿದರೆ ಯಾರಿಗೂ ತಲುಪದ ವಿಳಾಸ ಅದು, ಕಳಿಸಿದವನ ಹೆಸರಲ್ಲೇ `noreply` ಅಂತ ಇತ್ತು. ನೋಡದೆ ಕಳಿಸಿ ಹತ್ತು ದಿನ ಕಾದೆ.

ಮೂರನೆಯದು ದುಬಾರಿ ಪಾಠ. ನನ್ನ ಪ್ರೊಫೈಲ್ ಹೋಗಿದ್ದು ಒಬ್ಬ ಕನ್ಸಲ್ಟೆಂಟ್ ಮೂಲಕ. ಒಳಗಿನವರಿಗೆ ಹೋಯ್ತು ಅಂತ ಆತನೇ ಫೋನ್ ಮಾಡಿ ಹೇಳಿದ. ನಾನು ಜಾಣ ಅಂದ್ಕೊಂಡು ಅವನನ್ನು ಬಿಟ್ಟು ಕಂಪನಿ ಎಚ್‌ಆರ್‌ಗೆ ನೇರವಾಗಿ ಬರೆದು, ಇಂಥದ್ದೇ ಬೇರೆ ಜಾಗ ಬಂದರೆ ನೋಡಿ ಅಂದೆ. ಎರಡು ತಿಂಗಳಲ್ಲಿ ನಿಜವಾಗಿಯೂ ಜಾಗ ಬಂತು, ಅವರೂ ಕರೆದರು. ಆಮೇಲೆ ಎದ್ದಿತು ಕಗ್ಗಂಟು. ಕನ್ಸಲ್ಟೆಂಟ್ ಒಮ್ಮೆ ಪ್ರೊಫೈಲ್ ಕೊಟ್ಟರೆ ಆರು ತಿಂಗಳೋ ಒಂದು ವರ್ಷವೋ ಅದು ಅವನ ಲೆಕ್ಕದಲ್ಲೇ ಇರುತ್ತೆ. ಆ ಅವಧಿಯಲ್ಲಿ ಯಾವ ದಾರಿಯಿಂದ ಸೇರಿದರೂ ಅವನು ಕಂಪನಿಯನ್ನು ಫೀ ಕೇಳಬಹುದು, ಸಾಮಾನ್ಯವಾಗಿ ವರ್ಷದ ಸಿಟಿಸಿಯ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳದಷ್ಟು. ಏಳು ಲಕ್ಷದ ಸಿಟಿಸಿಗೆ ಐವತ್ತೆಂಟು ಸಾವಿರ. ಆತ ತಗಾದೆ ತೆಗೆದ, ಎಚ್‌ಆರ್ ತಲೆನೋವು ಬೇಡ ಅಂತ ನನ್ನನ್ನೇ ಬಿಟ್ಟರು. ಕನ್ಸಲ್ಟೆಂಟ್ ಮೂಲಕ ಹೋಗಿದ್ದರೆ ಉತ್ತರವನ್ನೂ ಅವನ ಮೂಲಕವೇ ಕಳಿಸಬೇಕು, ಇಲ್ಲವೇ ಅವನನ್ನು ಸಿಸಿಯಲ್ಲಿ ಇಡಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಇಷ್ಟು ಪೆಟ್ಟು ತಿಂದ ಮೇಲೆ ನನಗೆ ಹೊಳೆದದ್ದು ಒಂದೇ ವಿಷಯ, ಅದೂ ಶಾಪ್ ಫ್ಲೋರಿನಲ್ಲಿ. ನಮ್ಮ ಲೈನ್ ಇನ್‌ಸ್ಪೆಕ್ಟರ್ ಒಬ್ಬನನ್ನು ಭಾಗಗಳನ್ನು ಅಳೆಯೋ ಯಂತ್ರವಿರೋ ಸಿಎಂಎಂ ರೂಮಿಗೆ ಹಾಕಿದರು. ಅವನಿಗೆ ಖುಷಿ. ನಮಗೆ ಮೂರು ವಾರ ನರಕ, ಯಾಕೆಂದರೆ ಅವನ ಜಾಗಕ್ಕೆ ಯಾರೂ ಇರಲಿಲ್ಲ. ಒಳಗಿನವರು ಒಂದು ಕುರ್ಚಿಗೆ ಬಂದರೆ ಇನ್ನೊಂದು ಕುರ್ಚಿ ಖಾಲಿಯಾಗಲೇಬೇಕಲ್ಲ! ಅಲ್ಲಿಯವರೆಗೆ ಸೋತಾಗಲೆಲ್ಲ ನಾನು ಹೋದ ಕುರ್ಚಿಯನ್ನೇ ನೋಡ್ತಾ ಕೂತಿದ್ದೆ. ಖಾಲಿಯಾದ ಕುರ್ಚಿ ಎಲ್ಲಿದೆ ಅಂತ ಕೇಳಿರಲಿಲ್ಲ.

ಅದು ತಕ್ಷಣ ಕಣ್ಣಿಗೆ ಬೀಳೋದೂ ಇಲ್ಲ. ಆಯ್ಕೆಯಾದವರನ್ನು ಅವರ ಹಳೇ ಮ್ಯಾನೇಜರ್ ಸುಲಭಕ್ಕೆ ಬಿಡೋದಿಲ್ಲ. ತಿಂಗಳು, ಒಂದೊಂದು ಕಡೆ ಎರಡು ತಿಂಗಳು ಎಳೀತಾರೆ. ರಿಲೀಸ್ ಡೇಟ್ ಖಚಿತ ಆದ ಮೇಲೆ ಆ ಖಾಲಿ ಜಾಗಕ್ಕೆ ಬೇರೆಯವರನ್ನು ಕೇಳೋ ಬ್ಯಾಕ್‌ಫಿಲ್ ರಿಕ್ವಿಸಿಷನ್ ಏಳುತ್ತೆ, ಅದಕ್ಕೆ ಫೈನಾನ್ಸ್ ಒಪ್ಪಿಗೆ ಬೇಕು, ಆಮೇಲೆ ಮತ್ತೆ ಒಳಗಿನವರಿಗೆ ಮೊದಲು ಪೋಸ್ಟ್ ಆಗುತ್ತೆ. ಹೊರಗಿನವರ ಕಣ್ಣಿಗೆ ಬೀಳೋ ಹೊತ್ತಿಗೆ ಆರೇಳು ವಾರವಾದರೂ ಆಗಿರುತ್ತೆ. ಎಷ್ಟೋ ಸಲ ಜಾಗವನ್ನೇ ರದ್ದು ಮಾಡಿ ಕೆಲಸವನ್ನು ಉಳಿದವರ ತಲೆಗೆ ಕಟ್ಟುತ್ತಾರೆ, ಆಗ ನಮ್ಮ ಯಾವ ಮೇಲೂ ಕೆಲಸಕ್ಕೆ ಬರಲ್ಲ.

ಐದನೇ ಕಂಪನಿ. ನಾಲ್ಕನೇ ಸಲದ "ಒಳಗಿನವರು" ಬಂದದ್ದು ಇಲ್ಲೇ. ಬುಧವಾರ ಸಂಜೆ ರಿಕ್ರೂಟರ್ ಮೇಡಂ ಫೋನ್ ಮಾಡಿದರು. ಟೆಂಪ್ಲೇಟ್ ಮೇಲ್ ಬಿಟ್ಟು ಫೋನ್ ಮಾಡಿದ್ದೇ ಒಳ್ಳೇ ಲಕ್ಷಣ. "ಸಾರಿ, ಇಂಟರ್ನಲ್ ಮೂವ್‌ಮೆಂಟ್ ಆಯ್ತು, ನಿಮ್ಮ ಫೀಡ್‌ಬ್ಯಾಕ್ ಚೆನ್ನಾಗಿತ್ತು." ನಾನು ಒಂದೇ ಪ್ರಶ್ನೆ ಕೇಳಿದೆ: "ಪರವಾಗಿಲ್ಲ ಮೇಡಂ, ಅವರು ಯಾವ ಡಿಪಾರ್ಟ್‌ಮೆಂಟಿನಿಂದ ಬಂದರು, ಹೇಳಬಹುದಾ?" ಅವರು ಅನುಮಾನ ಪಡದೆ "ಇನ್‌ಕಮಿಂಗ್‌ನಿಂದ" ಅಂದುಬಿಟ್ಟರು. ಹೊರಗಿನಿಂದ ಬಂದ ಮಾಲನ್ನು ಪರೀಕ್ಷಿಸೋ ವಿಭಾಗ ಅದು. ಹೆಸರು ಕೇಳಬಾರದು, ಯಾಕೆ ಅವರು ಅಂತ ಅಂತೂ ಕೇಳಲೇಬಾರದು. ಡಿಪಾರ್ಟ್‌ಮೆಂಟ್ ಸಾಕು.

ಮಾರನೇ ದಿನ ಬೆಳಿಗ್ಗೆ, ಇಂಟರ್ವ್ಯೂ ಕರೆದ ಅದೇ ಮೇಲ್‌ಗೆ ರಿಪ್ಲೈ ಹಾಕಿದೆ. ಸಬ್ಜೆಕ್ಟ್ ಮುಟ್ಟಲಿಲ್ಲ, ಅದರಲ್ಲಿ ರಿಕ್ವಿಸಿಷನ್ ನಂಬರ್ ಇತ್ತು. ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಿದರೆ ಸುಮಾರು ಹೀಗೆ:

"ನಮಸ್ಕಾರ ಮೇಡಂ. ನೀವೇ ಫೋನ್ ಮಾಡಿ ತಿಳಿಸಿದ್ದಕ್ಕೆ ಧನ್ಯವಾದ. ಪ್ಲಾಂಟ್ ಗೊತ್ತಿರುವವರನ್ನು ಆರಿಸಿದ್ದು ಅರ್ಥವಾಗುತ್ತದೆ. ಎರಡನೇ ಸುತ್ತಿನಲ್ಲಿ ಕಾಸ್ಟಿಂಗ್ ಪೊರಾಸಿಟಿ ಬಗ್ಗೆ ಸರ್ ಜೊತೆ ನಡೆದ ಚರ್ಚೆ ನನಗೆ ಉಪಯೋಗವಾಯಿತು, ಅವರಿಗೂ ತಿಳಿಸಿ. ಇನ್‌ಕಮಿಂಗ್ ಅಥವಾ ಸಪ್ಲೈಯರ್ ಕ್ವಾಲಿಟಿಯಲ್ಲಿ, ಎಂಜಿನಿಯರ್ ಅಥವಾ ಸೀನಿಯರ್ ಎಂಜಿನಿಯರ್ ಗ್ರೇಡಿನಲ್ಲಿ, ಬೆಂಗಳೂರು ಅಥವಾ ಹೊಸೂರಿನಲ್ಲಿ ಜಾಗ ಬಂದರೆ ನನ್ನನ್ನು ಪರಿಗಣಿಸಿ. ಈ ಬದಲಾವಣೆಯಿಂದ ಇನ್‌ಕಮಿಂಗ್‌ನಲ್ಲಿ ತೆರವಾಗುವ ಜಾಗಕ್ಕೆ ಹೊರಗಿನವರನ್ನು ನೋಡುವುದಾದರೆ, ನನ್ನ ಪ್ರೊಫೈಲ್ ಅಲ್ಲಿಗೆ ಸೇರಿಸಲು ನನ್ನ ಒಪ್ಪಿಗೆ ಇದೆ. ನೋಟಿಸ್ 60 ದಿನ, ಮಾತಾಡಿದರೆ 45ಕ್ಕೆ ಇಳಿಯಬಹುದು."

ಇದರ ಕೊನೆಗೆ ಇನ್ನೊಂದು ಸಾಲಿತ್ತು. ಅದು ನನ್ನಲ್ಲೇ ಇರಲಿ.

"ಯಾವುದಾದರೂ ಸೂಕ್ತ ಹುದ್ದೆ ಇದ್ದರೆ ತಿಳಿಸಿ" ಅಂತ ಬರೆದರೆ ರಿಕ್ರೂಟರ್ ಏನು ಮಾಡಬೇಕು? ಅವರ ಸಿಸ್ಟಮ್ಮಿನಲ್ಲಿ ನಾನು ಒಂದು ರಿಕ್ವಿಸಿಷನ್‌ಗೆ ಅಂಟಿಕೊಂಡವನು, ಅದು ಮುಚ್ಚಿದರೆ ನನ್ನ ಫೈಲೂ ಅದರ ಜೊತೆ ಮುಚ್ಚಿಹೋಗುತ್ತೆ. ಗ್ರೇಡ್, ಊರು, ಡಿಪಾರ್ಟ್‌ಮೆಂಟ್ ಕೊಟ್ಟರೆ ಮುಂದಿನ ನಂಬರಿಗೆ ನನ್ನನ್ನು ಎತ್ತಿಹಾಕೋದು ಅವರಿಗೂ ಸುಲಭ, ಹೊಸದಾಗಿ ಸೋರ್ಸಿಂಗ್ ಮಾಡೋ ಕೆಲಸ ಉಳಿಯುತ್ತೆ. ಸಂಬಳದ ಮಾತು ಮಾತ್ರ ಎತ್ತಬೇಡಿ. ನಾಲ್ಕನೇ ಕಂಪನಿಗೆ "ಸ್ವಲ್ಪ ಕಡಿಮೆಗೂ ಬರ್ತೀನಿ" ಅಂತ ಬರೆದಿದ್ದೆ. ಆಮೇಲೆ ಕರೆದಾಗ ಆ ಕಡಿಮೆಯಿಂದಲೇ ಮಾತು ಶುರು ಮಾಡಿದರು, ನಾನು ಹೋಗಲಿಲ್ಲ.

ಮೇಡಂ "ನೋಟೆಡ್, ಥ್ಯಾಂಕ್ಸ್" ಅಂತ ಎರಡು ಪದ ಹಾಕಿದರು. ಗೆಳೆಯ ಅದನ್ನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಓದಿ ಹೇಳಿದ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬೇರೆ ಒಂದು ಕಂಪನಿಯ ರಿಕ್ರೂಟರ್‌ಗೆ ಇದೇ ವಿಷಯ ವಾಟ್ಸಾಪಿನಲ್ಲಿ ಕಳಿಸಿ ನೋಡಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು, ಆದರೆ ಅವರು ಮೂರು ತಿಂಗಳಿಗೆ ಕೆಲಸ ಬಿಟ್ಟರು, ನಂಬರ್ ಜೊತೆ ನನ್ನ ಕಥೆಯೂ ಹೋಯ್ತು. ಮೇಲ್ ಆದರೆ ಕಂಪನಿಯಲ್ಲಿ ಉಳಿಯುತ್ತೆ. ಐದನೇ ಕಂಪನಿಯಲ್ಲಿ ಆ ಕುರ್ಚಿ ಸಿಕ್ಕ ವ್ಯಕ್ತಿಯನ್ನೇ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಅಭಿನಂದನೆ ಹೇಳೋದನ್ನೂ ಮಾಡಿದ್ದೀನಿ, ಆದರೆ ಅವರು ತಾವೇ ಹೊಸ ಹುದ್ದೆ ಹಾಕಿಕೊಂಡ ಮೇಲೆ. ಮೊದಲೇ ಹೇಳಿದರೆ ಅವರಿಗೂ ಮುಜುಗರ, ಮಾಹಿತಿ ಕೊಟ್ಟ ಮೇಡಂಗೂ ಮುಜುಗರ. ಆ ಮನುಷ್ಯ ಈಗ ನನ್ನ ಪಕ್ಕದ ಟೇಬಲ್ಲಿನಲ್ಲೇ ಕೂರ್ತಾರೆ. ಹೊಸೂರು ರಸ್ತೆ ಟ್ರಾಫಿಕ್ಕು, ಕ್ಯಾಬ್ ಟೈಮಿಂಗು ಎಲ್ಲ ಮೊದಲು ಹೇಳಿಕೊಟ್ಟವರೂ ಅವರೇ.

ಒಳಗಿನವರು ಅನ್ನೋದು ನಿಜವೋ ನೆಪವೋ ಅಂತ ತಿಳಿಯೋಕೆ ನನ್ನ ಅಳತೆ ಒರಟು: ಎರಡು ಮೂರು ವಾರ ಆದ ಮೇಲೂ ಅದೇ ಜಾಹೀರಾತು ಹೊಸ ತಾರೀಖಿನಲ್ಲಿ ನೌಕರಿ ಡಾಟ್ ಕಾಮಿನಲ್ಲಿ ಕಾಣಿಸಿದರೆ ನೆಪ. ಎರಡನೇ ಕಂಪನಿ ಹಾಗೆ ಮಾಡಿತ್ತು. ಅಂಥ ಕಡೆ ಮತ್ತೆ ಬರೆಯೋದಿಲ್ಲ. ಅವರಿಗೆ ನಾನು ಬೇಡವಾಗಿದ್ದೆ, ನಯವಾಗಿ ಹೇಳಿದರು ಅಷ್ಟೇ.

ಐದನೇ ಕಂಪನಿಯ ಮೇಡಂಗೆ ಆರು ವಾರ ನಾನು ಏನೂ ಬರೆಯಲಿಲ್ಲ. ಕಷ್ಟದ ಭಾಗ ಅದೇ. ವಾರಕ್ಕೊಮ್ಮೆ "ಎನಿ ಅಪ್‌ಡೇಟ್" ಹಾಕೋ ಅಭ್ಯಾಸ ನನಗೂ ಇತ್ತು. ಈ ಸಲ ಕ್ಯಾಲೆಂಡರಿನಲ್ಲಿ ಒಂದೇ ದಿನ ಗುರುತು ಹಾಕಿದೆ. ಆ ದಿನ ಅದೇ ಥ್ರೆಡ್ಡಿನಲ್ಲಿ ಎರಡು ಸಾಲು: ನಡುವೆ ಇಂಟರ್ನಲ್ ಆಡಿಟರ್ ಸರ್ಟಿಫಿಕೇಟ್ ಮುಗಿಸಿದೆ, ರೆಸ್ಯೂಮೆ ಹೊಸದು ಲಗತ್ತಿಸಿದೆ, ಇನ್‌ಕಮಿಂಗ್ ಜಾಗದ ವಿಷಯ ಮುಂದುವರಿದಿದ್ದರೆ ನಾನಿದ್ದೇನೆ. ಕೇಳೋಕೆ ಒಂದು ಹೊಸ ಸಂಗತಿ ಇರಲಿ, ಬರಿಗೈಯಲ್ಲಿ ಹೋಗಬಾರದು. ಆ ಎರಡು ದಿನದ ಕೋರ್ಸಿಗೆ ಏಳು ಸಾವಿರ ಚಿಲ್ಲರೆ ಕೊಟ್ಟಿದ್ದೆ. ಮನೆಯಲ್ಲಿ ಬೈಸಿಕೊಂಡೂ ಆಗಿತ್ತು.

ನಾಲ್ಕನೇ ದಿನ ಫೋನ್. ರಿಕ್ವಿಸಿಷನ್ ಹಿಂದಿನ ವಾರ ಅಪ್ರೂವ್ ಆಗಿದೆ, ಇನ್ನೂ ಹೊರಗೆ ಪೋಸ್ಟ್ ಆಗಿಲ್ಲ. ಮೊದಲ ಎರಡು ಸುತ್ತು ಬಿಟ್ಟರು, ಹಳೇ ಫೀಡ್‌ಬ್ಯಾಕೇ ಸಾಕು ಅಂದರು. ಇನ್‌ಕಮಿಂಗ್ ಮ್ಯಾನೇಜರ್ ಜೊತೆ ಮುಕ್ಕಾಲು ಗಂಟೆ, ಪ್ಲಾಂಟ್ ಹೆಡ್ ಜೊತೆ ಹತ್ತು ನಿಮಿಷ. ಏಳೂವರೆ ಲಕ್ಷದ ಮೇಲೆ ಸ್ವಲ್ಪಕ್ಕೆ ಕುದುರಿತು. ನಾನು ಅರ್ಜಿ ಹಾಕಿದ್ದ ಸಪ್ಲೈಯರ್ ಕ್ವಾಲಿಟಿ ಸಿಗಲಿಲ್ಲ, ಅದನ್ನೂ ಹೇಳಬೇಕು. ಒಂದು ಮೆಟ್ಟಿಲು ಕೆಳಗಿನದು ಸಿಕ್ಕಿತು. ಹದಿನೆಂಟು ತಿಂಗಳು ತುಂಬಿದ ಮೇಲೆ ಇಲ್ಲಿ ಐಜೆಪಿಗೆ, ಅಂದರೆ ಒಳಗಿನವರಿಗೇ ತೆರೆಯೋ ಹುದ್ದೆಗಳಿಗೆ, ಅರ್ಜಿ ಹಾಕಬಹುದು. ಹೋದ ತಿಂಗಳು ಹಾಕಿದೆ, ಸಿಕ್ಕಿತು.

ಆಫರ್ ಬಂದಾಗ ಭಾವ "ಲಕ್ಕು ಬಿಡಪ್ಪ" ಅಂದರು. ಈಗ ಅದೇ ಭಾವ ತಮ್ಮನ ಮಗನಿಗೆ ಮೇಲ್ ಬೇಕು ಅಂತ ಎರಡು ಸಲ ಫೋನ್ ಮಾಡಿದ್ದಾರೆ. ಕಳಿಸಿದ್ದೀನಿ, ಕೊನೇ ಸಾಲು ತೆಗೆದು.