ನಾಟಕದ ಚಿತ್ರೀಕರಣ: ಮೂರು ಕ್ಯಾಮೆರಾ ಎಲ್ಲೆಲ್ಲಿ ಇಡಬೇಕು?

ಮೊದಲು ಒಂದು ಪೂರ್ತಿ ತಾಲೀಮು ನೋಡಿ. ಕಾಗದದ ಮೇಲೆ ರಂಗದ ನಕ್ಷೆ ಬರೆದುಕೊಂಡು, ಮುಖ್ಯ ದೃಶ್ಯಗಳಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಯಾರ ಕಡೆ ಮುಖ ಮಾಡಿರುತ್ತಾರೆ ಎಂದು ಬಾಣ ಹಾಕಿ. ಕ್ಯಾಮೆರಾದ ಜಾಗ ತೀರ್ಮಾನವಾಗುವುದು ಈ ಬಾಣಗಳಿಂದ.

ಒಂದನೇ ಕ್ಯಾಮೆರಾ ಸಭಾಂಗಣದ ಹಿಂಭಾಗದಲ್ಲಿ, ನಟ್ಟನಡುವೆ. ಇಡೀ ರಂಗ ಇದರಲ್ಲಿ ಸದಾ ಕಾಣುತ್ತಿರಬೇಕು. ಫ್ರೇಮ್ ಕಟ್ಟಿದ ಮೇಲೆ ಅದನ್ನು ಮುಟ್ಟಬಾರದು. ಲೆನ್ಸ್ ಯಾವುದು ಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ಫುಲ್‌ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಅದನ್ನು ದೂರದಿಂದ ಗುಣಿಸಿ, ರಂಗದ ಅಗಲದಿಂದ ಭಾಗಿಸಿ. 40 ಅಡಿ ಅಗಲದ ರಂಗವನ್ನು 60 ಅಡಿ ದೂರದಿಂದ ಹಿಡಿಯಲು 54 ಮಿ.ಮೀ. ಬೇಕು. ಅಂಚಿನಲ್ಲಿ ಚೂರು ಜಾಗ ಉಳಿಯಲೆಂದು 50 ಮಿ.ಮೀ. ಹಾಕಿ. ಎತ್ತರ ನಿಂತ ನಟರ ಕಣ್ಣಿನ ಮಟ್ಟಕ್ಕಿರಲಿ; ರಂಗ 3 ಅಡಿ ಎತ್ತರವಿದ್ದರೆ ಅದು ಸುಮಾರು 8 ಅಡಿ. ಬಾಲ್ಕನಿಯಿಂದ ರಂಗ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ನಟರ ನೆತ್ತಿ ಕಂಡಷ್ಟು ಕಣ್ಣು ಕಾಣುವುದಿಲ್ಲ.

ಉಳಿದೆರಡು ಎಡ ಬಲಗಳಿಗೆ. ರಂಗದಿಂದ 40 ಅಡಿ ಹಿಂದೆ, ನಡುಗೆರೆಯಿಂದ 20 ಅಡಿ ಪಕ್ಕಕ್ಕೆ ಇಟ್ಟರೆ ಹೆಚ್ಚೂಕಡಿಮೆ 27 ಡಿಗ್ರಿ ಓರೆ ಸಿಗುತ್ತದೆ. ಇನ್ನೂ ಪಕ್ಕಕ್ಕೆ ಸರಿದರೆ ಎದುರಿನ ಸೈಡ್‌ವಿಂಗ್‌ನಲ್ಲಿ ಕಾಯುತ್ತಿರುವ ನಟರು ಫ್ರೇಮಿಗೆ ಬರುತ್ತಾರೆ. 70-200 ಲೆನ್ಸಿನಲ್ಲಿ ಪೂರ್ತಿ ಝೂಮ್ ಮಾಡಿದಾಗ ಇಲ್ಲಿಂದ ಸಿಗುವ ಫ್ರೇಮ್ ಸುಮಾರು 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಸೊಂಟದಿಂದ ಮೇಲಿನ ನಟನಿಗೆ ಅಷ್ಟು ಸಾಕು.

ಇಬ್ಬರು ಎದುರುಬದುರು ನಿಂತು ಮಾತಾಡುವಾಗ ಎಡ ಕ್ಯಾಮೆರಾ ಬಲಬದಿಯ ನಟನನ್ನು, ಬಲ ಕ್ಯಾಮೆರಾ ಎಡಬದಿಯವನನ್ನು ಹಿಡಿಯಬೇಕು. ತನ್ನ ಬದಿಯವನನ್ನೇ ಹಿಡಿದರೆ ಸಿಗುವುದು ಕಿವಿ, ಹಿಂದಲೆ.

ಎಡವಟ್ಟಾಗುವುದು ಬೇರೆ ಕಡೆ. ರಾಜ ಹಿಂಬದಿಯ ಸಿಂಹಾಸನದಲ್ಲಿ ಕೂತಿದ್ದಾನೆ, ಮಂತ್ರಿ ಮುಂಬದಿಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದಾನೆ ಎನ್ನಿ. ಇಬ್ಬರನ್ನೂ ಸೇರಿಸುವ ಗೆರೆ ಈಗ ಸಭಾಂಗಣದ ನಡುವೆಯೇ ಹಾಯುತ್ತದೆ. ಎಡ ಬಲ ಕ್ಯಾಮೆರಾಗಳು ಅದರ ಆಚೆ ಒಂದು, ಈಚೆ ಒಂದು ಆಗುತ್ತವೆ. ಎಡದಿಂದ ನೇರ ಬಲಕ್ಕೆ ಕಟ್ ಮಾಡಿದರೆ ಪರದೆಯ ಮೇಲೆ ಬಲಕ್ಕಿದ್ದ ಮಂತ್ರಿ ಫಕ್ಕನೆ ಎಡಕ್ಕೆ ಹಾರುತ್ತಾನೆ. ಇಂಥ ದೃಶ್ಯಗಳನ್ನು ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಗುರುತಿಸಿ, ನಡುವಿನ ಕ್ಯಾಮೆರಾ ಮತ್ತು ಒಂದೇ ಬದಿಯ ಕ್ಯಾಮೆರಾದಲ್ಲಿ ಮುಗಿಸಿ. ಎರಡೂ ಬದಿ ಬೇಕೇಬೇಕಾದರೆ ಮಧ್ಯೆ ಪೂರ್ಣ ರಂಗದ ಶಾಟ್ ಹಾಕಿ.

ಪ್ರದರ್ಶನಕ್ಕೆ ಮುಂಚೆ ಪ್ರತಿ ಟ್ರೈಪಾಡ್‌ನ ಮುಂದಿನ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಆಮೇಲೆ ನಿಲ್ಲಿಸಿ ನೋಡಿ. ಕೂತವರ ತಲೆ ಅಡ್ಡ ಬಂದರೆ ಟ್ರೈಪಾಡ್ ಏರಿಸಬೇಕು. ನಿಂತವರದ್ದು ಮಾತ್ರ ಬಂದರೆ ಎದುರಿನ ಎರಡು ಮೂರು ಕುರ್ಚಿಗೆ ಹಗ್ಗ ಕಟ್ಟಿಸಿದರೆ ಆಯಿತು. ನೆಲ ಮರದ್ದಾಗಿದ್ದರೆ ಅವರನ್ನು ಟ್ರೈಪಾಡ್ ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೆಸಿ, 200 ಮಿ.ಮೀ.ನಲ್ಲಿ ಚಿತ್ರ ಅದುರಿದರೆ ಓಡಾಟದ ದಾರಿಯಿಂದ ದೂರ ಸರಿಸಿ.